ಹಳೆಯ ಹಿತ್ತಾಳೆ ಬೀಗದ ಕಾಲ ಮತ್ತು ಬಗೆ ಗುರುತಿಸುವುದು ಹೇಗೆ?

ದಾವಣಗೆರೆಯ ಮಂಡಿಪೇಟೆಯ ಹಳೆಯ ಗೋದಾಮುಗಳಲ್ಲಿ, ಚಿತ್ರದುರ್ಗದ ಹಳೆಯ ಮನೆಗಳ ಅಟ್ಟದಲ್ಲಿ ಅಂಗೈ ತುಂಬುವಷ್ಟು ದೊಡ್ಡ ಹಿತ್ತಾಳೆ ಬೀಗಗಳು ಇಂದಿಗೂ ಸಿಗುತ್ತವೆ. ಅಂಥದೊಂದು ಕೈಗೆ ಬಂದಾಗ ‘ಇದು ಪಾಳೆಯಗಾರರ ಕಾಲದ್ದು’ ಎಂದು ಹೇಳಿಬಿಡುವುದು ಸುಲಭ, ಆದರೆ ಅದನ್ನು ತೋರಿಸಿಕೊಡುವುದು ಸುಲಭವಲ್ಲ. ಆಕಾರ ನೋಡಿದರೆ ಬೀಗ ಯಾವ ಬಗೆಯದು ಎಂದು ತಿಳಿಯುತ್ತದೆ. ಕಾಲ ತಿಳಿಯಬೇಕಾದರೆ ಅದರ ಮೇಲೆ ಒತ್ತಿರುವ ಗುರುತುಗಳನ್ನು ಓದಬೇಕು. ಹಾಗೆ ಓದಿದಾಗಲೂ ಒಂದೇ ಇಸವಿ ಸಿಗುವುದು ಅಪರೂಪ. ‘ಇದಕ್ಕಿಂತ ಹಿಂದಿನದಲ್ಲ’ ಮತ್ತು ‘ಇದಕ್ಕಿಂತ ಈಚಿನದಲ್ಲ’ ಎಂಬ ಎರಡು ಅಂಚುಗಳನ್ನು ಹುಡುಕಿ, ಅವುಗಳ ನಡುವಿನ ಅಂತರವನ್ನು ಸಾಧ್ಯವಾದಷ್ಟು ಕಿರಿದು ಮಾಡುವುದೇ ಇಲ್ಲಿಯ ಕೆಲಸ.

ಮೊದಲನೆಯದಾಗಿ, ಬೀಗವನ್ನು ಹುಣಸೆಹಣ್ಣಿನಿಂದಾಗಲಿ ಪಾತ್ರೆ ತಿಕ್ಕುವ ಪುಡಿಯಿಂದಾಗಲಿ ಉಜ್ಜಬಾರದು. ಸವೆದು ತೆಳುವಾದ ಅಕ್ಷರಗಳನ್ನು ಓದಲು ನೆರವಾಗುವುದು ಅವುಗಳ ತಗ್ಗಿನಲ್ಲಿ ಕುಳಿತಿರುವ ಕಪ್ಪು. ಅದು ಹೋದರೆ ಅರ್ಧ ಬರಹವೂ ಹೋದಂತೆಯೇ. ಒಣ ಬಟ್ಟೆಯಿಂದ ಧೂಳು ಒರೆಸಿ, ಮೆದು ಕುಂಚದಿಂದ ಸಂದುಗಳನ್ನು ಬಿಡಿಸಿದರೆ ಸಾಕು. ನಂತರ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಬೀಗದ ಮೇಲ್ಮೈಗೆ ಬಹುತೇಕ ಸಮಾನಾಂತರವಾಗಿ, ಪಕ್ಕದಿಂದ ಹಿಡಿದು ಸುತ್ತಲೂ ತಿರುಗಿಸುತ್ತ ಹೋಗಬೇಕು. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ತೆಳು ಕಾಗದವನ್ನು ಮೇಲಿಟ್ಟು ಪೆನ್ಸಿಲಿನಿಂದ ಹಗುರವಾಗಿ ಉಜ್ಜಿ ಪಡಿಯಚ್ಚು ತೆಗೆದುಕೊಂಡರೆ, ಅನುಮಾನದ ಅಕ್ಷರವನ್ನು ಮತ್ತೆ ಮತ್ತೆ ನೋಡಬಹುದು.

ಎರಡನೆಯದು ಬಗೆಯನ್ನು ಗುರುತಿಸುವುದು. ಇದಕ್ಕೆ ಕೀಲಿಕೈ ಚಲಿಸುವ ರೀತಿಯೇ ಮುಖ್ಯ ಸುಳಿವು. ಕೀಲಿಕೈಯನ್ನು ತಿರುಗಿಸದೆ ಒಳಕ್ಕೆ ತಳ್ಳಿದಾಗ ಕೊಂಡಿ ಬಿಡಿಸಿಕೊಂಡರೆ ಅದು ಪಟ್ಟಿ ಸ್ಪ್ರಿಂಗಿನ ಬೀಗ. ತಳ್ಳಿದ ಕೀಲಿಕೈ ಒಳಗೆ ಅಗಲವಾಗಿ ಬಿಚ್ಚಿಕೊಂಡಿರುವ ಸ್ಪ್ರಿಂಗ್ ಪಟ್ಟಿಗಳನ್ನು ಅದುಮುತ್ತದೆ. ಕೀಲಿಕೈಯ ತುದಿಯಲ್ಲಿ ತಿರುಪಿನ ಗೆರೆಗಳಿದ್ದು, ಹಲವು ಸುತ್ತು ತಿರುಗಿಸಬೇಕಾದರೆ ಅದು ತಿರುಪು ಬೀಗ. ಒಂದೇ ಸುತ್ತಿಗೆ ತೆರೆಯುವ, ಮುಂಭಾಗದಲ್ಲಿ ಅತ್ತಿತ್ತ ಸರಿಯುವ ಮುಚ್ಚಳವುಳ್ಳ ಬೀಗ ಹೆಚ್ಚಾಗಿ ಲಿವರ್ ಬೀಗವಾಗಿರುತ್ತದೆ. ಅದರ ಕೀಲಿಕೈಯ ಹಲ್ಲನ್ನು ಗಮನಿಸಿದರೆ ಅಂಚಿನಲ್ಲಿ ಏರಿಳಿತದ ಮೆಟ್ಟಿಲುಗಳು ಕಾಣುತ್ತವೆ. ಸಾಮಾನ್ಯವಾಗಿ ಅವುಗಳಲ್ಲಿ ಒಂದು ಬೋಲ್ಟನ್ನು ಸರಿಸಲು, ಉಳಿದವು ಒಳಗಿನ ಒಂದೊಂದು ಲಿವರನ್ನು ಎತ್ತಲು. ಪಕ್ಕಪಕ್ಕದ ಎರಡು ಮೆಟ್ಟಿಲುಗಳ ಎತ್ತರ ಒಂದೇ ಆಗಿದ್ದರೆ ಅವು ಒಂದಾಗಿಯೇ ಕಾಣುವುದರಿಂದ, ಈ ಎಣಿಕೆಯಿಂದ ಸಿಗುವುದು ಲಿವರುಗಳ ಕನಿಷ್ಠ ಸಂಖ್ಯೆ ಮಾತ್ರ. ಹಲ್ಲಿನಲ್ಲಿ ಮೆಟ್ಟಿಲುಗಳಿಲ್ಲದೆ ಬರೀ ಸೀಳುಗಳಿದ್ದರೆ, ಒಳಗಿರುವುದು ಕೀಲಿಕೈಗೆ ಅಡ್ಡ ಬರುವ ತಡೆಗೋಡೆಗಳೇ ಹೊರತು ಲಿವರುಗಳಲ್ಲ. ಕೀಲಿಕೈ ಕಳೆದಿದ್ದರೆ ಟಾರ್ಚ್ ಹಿಡಿದು ತೂತಿನೊಳಗೆ ನೋಡಬೇಕು. ನಡುವೆ ಕಡ್ಡಿಯೊಂದು ನಿಂತಿದ್ದರೆ, ಅದಕ್ಕೆ ಬೇಕಾದದ್ದು ಕೊಳವೆಯಂಥ ಟೊಳ್ಳು ಕೀಲಿಕೈ.

ಹಲವರು ಎಡವುವುದು ಇಲ್ಲಿಯೇ. ಸ್ಪ್ರಿಂಗ್ ಬೀಗ ಲಿವರ್ ಬೀಗಕ್ಕಿಂತ ಹಳೆಯ ಕಲ್ಪನೆ ಎಂಬುದು ನಿಜ. ಆದರೆ ಕಾರ್ಖಾನೆಯ ಬೀಗಗಳು ಬಂದ ಮೇಲೂ ಕುಶಲಕರ್ಮಿಗಳು ಹಳೆಯ ಬಗೆಗಳನ್ನು ಮಾಡುತ್ತಲೇ ಇದ್ದರು. ಆದ್ದರಿಂದ ಸ್ಪ್ರಿಂಗ್ ಬೀಗವೆಂಬ ಒಂದೇ ಕಾರಣಕ್ಕೆ ಅದನ್ನು 18ನೇ ಶತಮಾನಕ್ಕೆ ಒಯ್ಯುವುದು ಸರಿಯಲ್ಲ.

ಮೂರನೆಯ ಹಂತ ಗುರುತುಗಳದ್ದು. ದಾವಣಗೆರೆ ರೈಲು ಮಾರ್ಗದ ಊರಾದ್ದರಿಂದ ಇಲ್ಲಿಯ ಓದುಗರಿಗೆ ರೈಲ್ವೆ ಬೀಗಗಳೇ ಒಳ್ಳೆಯ ಪಾಠ. ರೈಲ್ವೆ ಸಂಸ್ಥೆಗಳ ಹೆಸರು ಬದಲಾದ ಇಸವಿಗಳು ದಾಖಲಾಗಿರುವುದರಿಂದ, ಬೀಗದ ಮೇಲಿನ ಮೂರು ನಾಲ್ಕು ಅಕ್ಷರಗಳೇ ಕಾಲದ ಅಂಚುಗಳನ್ನು ಕೊಡುತ್ತವೆ. ಸದರ್ನ್ ಮರಾಠಾ ರೈಲ್ವೆ ಸ್ಥಾಪನೆಯಾದದ್ದು 1882ರಲ್ಲಿ. 1908ರಲ್ಲಿ ಅದು ಮದ್ರಾಸ್ ರೈಲ್ವೆಯ ಒಂದು ಭಾಗದೊಂದಿಗೆ ಸೇರಿ ಮದ್ರಾಸ್ ಆಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. 1951ರ ಏಪ್ರಿಲ್ 14ರಂದು ಅದು, ಸೌತ್ ಇಂಡಿಯನ್ ರೈಲ್ವೆ ಮತ್ತು ಮೈಸೂರು ಸ್ಟೇಟ್ ರೈಲ್ವೆ ಮೂರೂ ಕೂಡಿ ದಕ್ಷಿಣ ರೈಲ್ವೆ ರೂಪುಗೊಂಡಿತು.

ಒಂದು ಉದಾಹರಣೆಯನ್ನು ಹಂತ ಹಂತವಾಗಿ ಬಿಡಿಸೋಣ. ಅರಳಿ ಎಲೆಯನ್ನು ಹೋಲುವ, ಕೆಳಗೆ ಚೂಪಾಗುತ್ತ ಬಂದ ಹಿತ್ತಾಳೆ ಬೀಗವೊಂದಿದೆ ಎಂದುಕೊಳ್ಳಿ. ಮುಂದೆ ಸರಿಯುವ ಮುಚ್ಚಳವಿದೆ, ಕೀಲಿಕೈಯಲ್ಲಿ ಐದು ಮೆಟ್ಟಿಲುಗಳಿವೆ. ಹಾಗಾದರೆ ಇದು ಕನಿಷ್ಠ ನಾಲ್ಕು ಲಿವರುಗಳ ಬೀಗ. ಒಂದು ಬದಿಯಲ್ಲಿ ಇಂಗ್ಲಿಷಿನ ‘ಎಂ ಆಂಡ್ ಎಸ್ ಎಂ ಆರ್’ ಅಕ್ಷರಗಳಿವೆ; ಅಂದರೆ ಆ ಮುದ್ರೆ ಬಿದ್ದದ್ದು 1908ರಿಂದ 1951ರ ನಡುವೆ. ಹಿಂಬದಿಯಲ್ಲಿ ‘ಮೇಡ್ ಇನ್ ಇಂಗ್ಲೆಂಡ್’ ಎಂದಿದೆ. ಸರಕಿನ ಮೇಲೆ ತಯಾರಾದ ದೇಶದ ಹೆಸರು ಒತ್ತುವ ರೂಢಿ ಬ್ರಿಟನ್ನಿನ 1887ರ ಕಾಯಿದೆಯ ನಂತರ ಬೆಳೆಯಿತಾದ್ದರಿಂದ, ಈ ಬರಹ ನಮ್ಮ ಅಂತರವನ್ನು ಇನ್ನಷ್ಟು ಕಿರಿದು ಮಾಡುವುದಿಲ್ಲ. ಅದರ ಕೆಳಗೆ ‘ಪೇಟೆಂಟ್’ ಎಂಬ ಪದದ ಪಕ್ಕದಲ್ಲಿ ಆರು ಅಂಕಿಗಳ ಸಂಖ್ಯೆಯಿದೆ. ಉಪಯೋಗಕ್ಕೆ ಬರುವುದು ಇದು. ಬ್ರಿಟಿಷ್ ಪೇಟೆಂಟುಗಳ ಸಂಖ್ಯೆ ಮೊದಲು ಪ್ರತಿ ವರ್ಷ ಒಂದರಿಂದ ಆರಂಭವಾಗುತ್ತಿತ್ತು. 1916ರಲ್ಲಿ 1,00,001ರಿಂದ ಹಿಡಿದು ನಿರಂತರವಾಗಿ ಎಣಿಸುವ ಕ್ರಮ ಬಂತು. ಹೀಗಾಗಿ ಆರು ಅಂಕಿಯ ಪೇಟೆಂಟ್ ಸಂಖ್ಯೆಯುಳ್ಳ ಇಂಗ್ಲೆಂಡಿನ ಬೀಗ 1916ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಈಗ ನಮ್ಮ ಅಂತರ 1916ರಿಂದ 1951. ಪೇಟೆಂಟ್ ಹಳೆಯದಾದ ಮೇಲೂ ಅದೇ ಅಚ್ಚಿನಿಂದ ವರ್ಷಗಟ್ಟಲೆ ಒತ್ತುತ್ತಿದ್ದರಾದ್ದರಿಂದ, ಆ ಸಂಖ್ಯೆ ಹಿಂದಿನ ಅಂಚನ್ನಷ್ಟೇ ತಿಳಿಸುತ್ತದೆ, ಮುಂದಿನದನ್ನಲ್ಲ. ರೈಲ್ವೆಯ ಅಕ್ಷರಗಳು ಹೇಳುವುದು ಬೀಗ ಯಾರ ಸ್ವತ್ತು ಎಂಬುದನ್ನು, ತಯಾರಿಸಿದವರನ್ನಲ್ಲ, ಇವೆರಡನ್ನು ಬೆರೆಸಬಾರದು.

ರೈಲ್ವೆ ಗುರುತಿಲ್ಲದ ದೇಶೀ ಬೀಗಗಳಿಗೆ ಬೇರೆ ಅಂಚುಗಳಿವೆ. ಗೋದ್ರೆಜ್ ಹೆಸರಿದ್ದರೆ ಅದು 1897ಕ್ಕಿಂತ ಹಿಂದಿನದಲ್ಲ, ಏಕೆಂದರೆ ಬೀಗ ತಯಾರಿಕೆಯಿಂದಲೇ ಆರಂಭವಾದ ಆ ಸಂಸ್ಥೆ ಹುಟ್ಟಿದ್ದು ಆ ವರ್ಷ. ಐ.ಎಸ್.ಐ. ಮುದ್ರೆಯಿದ್ದರೆ ಅದಕ್ಕೆ ಅವಕಾಶ ಕೊಟ್ಟ 1952ರ ಕಾಯಿದೆಯ ನಂತರದ್ದು. ‘ಅಲಿಗಢ’ ಎಂಬ ಬರಹ ಊರನ್ನು ಹೇಳುತ್ತದೆಯೇ ಹೊರತು ಕಾಲವನ್ನಲ್ಲ.

ಕೊನೆಯ ಪರೀಕ್ಷೆ ಗುರುತು ನಂಬಲರ್ಹವೇ ಎಂಬುದು. ಅಲಂಕಾರಕ್ಕೆಂದೇ ಈಚೆಗೆ ಎರಕ ಹೊಯ್ದು, ಈಸ್ಟ್ ಇಂಡಿಯಾ ಕಂಪನಿಯ ಹೆಸರನ್ನೋ ರೈಲ್ವೆಯ ಹೆಸರನ್ನೋ ಮೂಡಿಸಿದ ಬೀಗಗಳು ಮಾರಾಟಕ್ಕೆ ಬರುತ್ತವೆ. ಉಕ್ಕಿನ ಅಚ್ಚಿನಿಂದ ಸುತ್ತಿಗೆ ಪೆಟ್ಟು ಕೊಟ್ಟು ಒತ್ತಿದ ಅಕ್ಷರದ ತಳ ಚೊಕ್ಕವಾಗಿದ್ದು, ಪಕ್ಕಕ್ಕೆ ಸರಿದ ಲೋಹ ಅಂಚಿನಲ್ಲಿ ಸಣ್ಣ ದಡದಂತೆ ಎದ್ದಿರುತ್ತದೆ. ಎರಕದಲ್ಲಿಯೇ ಮೂಡಿದ ಅಕ್ಷರದ ಮೂಲೆಗಳು ಮೊಂಡಾಗಿದ್ದು, ಒಳಗೆ ಮರಳಿನಂಥ ಒರಟು ಕಾಣುತ್ತದೆ. ಎರಕದ ಅಕ್ಷರವೆಲ್ಲ ನಕಲಿಯೆಂದೇನಲ್ಲ. ಆದರೆ ಅಕ್ಷರ ಮೊಂಡಾಗಿದ್ದು, ಕೀಲಿಕೈ ತೂತಿನ ಸುತ್ತ ಮತ್ತು ಕೊಂಡಿ ಉಜ್ಜಿಕೊಳ್ಳುವ ಒಳಬದಿಯಲ್ಲಿ ಸವೆತವೇ ಇಲ್ಲದಿದ್ದರೆ ಅನುಮಾನಿಸಬೇಕು. ಅಯಸ್ಕಾಂತವನ್ನೂ ಹಿಡಿದು ನೋಡಬೇಕು. ಮೈ ಅಂಟಿಕೊಂಡರೆ ಅದು ಹಿತ್ತಾಳೆಯ ಲೇಪವಿರುವ ಕಬ್ಬಿಣ. ಕೊಂಡಿ ಮಾತ್ರ ಅಂಟಿಕೊಂಡರೆ ಅದು ದೋಷವಲ್ಲ, ಹಿತ್ತಾಳೆ ಮೈಗೆ ಉಕ್ಕಿನ ಕೊಂಡಿ ಕೂಡಿಸುವುದು ವಾಡಿಕೆಯೇ ಆಗಿತ್ತು. ಆದರೆ ಕೊಂಡಿಯ ಬುಡದ ರಿವೆಟ್ ಉಳಿದ ರಿವೆಟುಗಳಿಗಿಂತ ಹೊಳಪಾಗಿ, ಬೇರೆ ಗಾತ್ರದ್ದಾಗಿ ಕಂಡರೆ ಕೊಂಡಿಯನ್ನು ಮುಂದೊಮ್ಮೆ ಬದಲಿಸಿದ್ದಾರೆ ಎಂದರ್ಥ. ಆಗ ಬೀಗದ ಕಾಲವನ್ನು ಮೈಯ ಮೇಲಿನ ಗುರುತುಗಳಿಂದ ಮಾತ್ರ ಲೆಕ್ಕ ಹಾಕಬೇಕು, ಕೊಂಡಿಯಿಂದಲ್ಲ.