ಕ್ರಿಯೆ ಒಂದರ ಮೇಲೆ, ಪ್ರತಿಕ್ರಿಯೆ ಇನ್ನೊಂದರ ಮೇಲೆ

ಮೇಜಿನ ಮೇಲೆ 1 ಕೆ.ಜಿ. ದ್ರವ್ಯರಾಶಿಯ ನಿಘಂಟು ಇದೆ. ಇಲ್ಲಿ ಕ್ರಿಯೆ ಯಾವುದು, ಪ್ರತಿಕ್ರಿಯೆ ಯಾವುದು? ತೂಕ ಕ್ರಿಯೆ, ಮೇಜು ಮೇಲಕ್ಕೆ ತಳ್ಳುವ ಬಲ ಪ್ರತಿಕ್ರಿಯೆ ಅಂತ ಬರೆದ ಉತ್ತರಗಳನ್ನು ನಾನು ತಿದ್ದುತ್ತಲೇ ಇದ್ದೇನೆ. ಎರಡೂ ಸಮ, ದಿಕ್ಕು ವಿರುದ್ಧ. ಆದರೆ ಎರಡೂ ಬಿದ್ದಿರುವುದು ನಿಘಂಟಿನ ಮೇಲೆಯೇ ಅಲ್ವಾ? ಒಂದು ವಸ್ತು ಇನ್ನೊಂದರ ಮೇಲೆ ಬಲ ಹಾಕಿದರೆ, ಆ ಇನ್ನೊಂದೂ ಮೊದಲನೆಯದರ ಮೇಲೆ ಅಷ್ಟೇ ಬಲವನ್ನು ವಿರುದ್ಧ ದಿಕ್ಕಿನಲ್ಲಿ ಹಾಕುತ್ತದೆ ಅನ್ನುವುದು ನ್ಯೂಟನ್ನನ ಮೂರನೇ ನಿಯಮ. ಹಾಗಾಗಿ ಇದು ಆ ನಿಯಮದ ಜೋಡಿ ಅಲ್ಲ. ನಿಜವಾದ ಜೋಡಿ ಹುಡುಕುವುದು ಹೀಗೆ.

1. ನಿಘಂಟು, ಮೇಜು, ಭೂಮಿ ಮೂರನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಒಂದರ ಮೇಲೊಂದು ಇಟ್ಟು ಬರೆಯಲೇಬೇಡಿ.

2. ಎಡವುವುದು ಇಲ್ಲೇ, ಅವಸರ ಬೇಡ. ಪ್ರತಿಯೊಂದು ಬಲಕ್ಕೂ ಪೂರ್ತಿ ವಾಕ್ಯ ಬರೆಯಿರಿ: ಯಾವುದು, ಯಾವುದನ್ನು, ಏನು ಮಾಡುತ್ತದೆ? 'ಭೂಮಿ ನಿಘಂಟನ್ನು ಕೆಳಕ್ಕೆ ಎಳೆಯುತ್ತದೆ.' ಈಗ ಎರಡು ಹೆಸರುಗಳನ್ನು ಅದಲು ಬದಲು ಮಾಡಿ, ದಿಕ್ಕು ತಿರುಗಿಸಿ. ಕ್ರಿಯಾಪದ ಮುಟ್ಟಬೇಡಿ. 'ನಿಘಂಟು ಭೂಮಿಯನ್ನು ಮೇಲಕ್ಕೆ ಎಳೆಯುತ್ತದೆ.' ತೂಕದ ನಿಜವಾದ ಜೋಡಿ ಇದು. ಭೂಮಿ ಅಷ್ಟು ದೊಡ್ಡದಾದ್ದರಿಂದ ಈ ಎಳೆತದ ಪರಿಣಾಮ ನಮಗೆ ತಿಳಿಯುವುದಿಲ್ಲ, ಅಷ್ಟೆ. ಹಾಗೆಯೇ 'ಮೇಜು ನಿಘಂಟನ್ನು ಮೇಲಕ್ಕೆ ತಳ್ಳುತ್ತದೆ' ಎಂಬುದರ ಜೋಡಿ 'ನಿಘಂಟು ಮೇಜನ್ನು ಕೆಳಕ್ಕೆ ತಳ್ಳುತ್ತದೆ'. ಎಳೆತಕ್ಕೆ ಎಳೆತ, ತಳ್ಳುವಿಕೆಗೆ ತಳ್ಳುವಿಕೆ. ಒಂದು ಗುರುತ್ವ, ಇನ್ನೊಂದು ಮುಟ್ಟಿದ್ದರಿಂದ ಬಂದ ಬಲ ಆಗಿದ್ದರೆ ನಿಮ್ಮ ಜೋಡಿ ತಪ್ಪು.

'ಸಮ ಮತ್ತು ವಿರುದ್ಧ' ಅಂತ ಸುಮ್ನೆ ಬಾಯಿಪಾಠ ಮಾಡಿಸುವ ಗೈಡುಗಳನ್ನು ಪಕ್ಕಕ್ಕಿಡಿ. 'ಬೇರೆ ವಸ್ತುಗಳ ಮೇಲೆ' ಅನ್ನುವ ಮುಖ್ಯ ಮಾತನ್ನೇ ಅವು ಬಿಟ್ಟುಬಿಡುತ್ತವೆ.

3. ಅನುಮಾನ ಇನ್ನೂ ಇದ್ದರೆ ಮೇಜನ್ನು ಲಿಫ್ಟಿನೊಳಗೆ ಇಡಿ. ಲಿಫ್ಟ್ ಮೇಲಕ್ಕೆ ಹೊರಟಿದೆ, ಅದರ ವೇಗ ಸೆಕೆಂಡಿಗೆ 2 ಮೀಟರ್‌ನಂತೆ ಪ್ರತಿ ಸೆಕೆಂಡಿಗೂ ಹೆಚ್ಚುತ್ತಿದೆ. g = 10 ಅಂತ ಹಿಡಿದರೆ ನಿಘಂಟಿನ ತೂಕ 10 ನ್ಯೂಟನ್. ಮೇಜು ತಳ್ಳುವ ಬಲ ಮಾತ್ರ 1 × (10 + 2) = 12 ನ್ಯೂಟನ್. ಎರಡೂ ಸಮ ಇಲ್ಲ! ನಿಜವಾದ ಜೋಡಿಗಳು ಇಲ್ಲೂ ತಪ್ಪುವುದಿಲ್ಲ: ನಿಘಂಟು ಮೇಜನ್ನು ಒತ್ತುವುದು 12, ಭೂಮಿಯನ್ನು ಎಳೆಯುವುದು 10. ನಿಂತ ಮೇಜಿನ ಮೇಲೆ ತೂಕ ಮತ್ತು ಮೇಜಿನ ಬಲ ಸಮವಾಗಿದ್ದುದು ನಿಘಂಟು ಅಲುಗಾಡದೆ ಇದ್ದುದರಿಂದ. ಅದು ಎರಡನೇ ನಿಯಮದ, ಅಂದರೆ ಒಟ್ಟು ಬಲ = ದ್ರವ್ಯರಾಶಿ × ವೇಗೋತ್ಕರ್ಷ ಅನ್ನುವುದರ ಲೆಕ್ಕ.

4. ಕೂಡಿಸಿ ಕಳೆಯುವಾಗ ಒಂದೇ ವಸ್ತುವಿನ ಮೇಲಿನ ಬಲಗಳನ್ನು ತೆಗೆದುಕೊಳ್ಳಿ. ಎತ್ತು ಗಾಡಿಯನ್ನು 500 ನ್ಯೂಟನ್ ಬಲದಿಂದ ಎಳೆದರೆ ಗಾಡಿಯೂ ಎತ್ತನ್ನು 500 ನ್ಯೂಟನ್ ಹಿಂದಕ್ಕೆ ಎಳೆಯುತ್ತದೆ. ಹಾಗಾದರೆ ಗಾಡಿ ಹೊರಡುವುದು ಹೇಗೆ ಅಂತ ಮಕ್ಕಳು ಕೇಳುತ್ತಾರೆ. ಆ ಎರಡನೇ 500 ಎತ್ತಿನ ಲೆಕ್ಕಕ್ಕೆ ಸೇರಿದ್ದು. ಗಾಡಿಯ ಲೆಕ್ಕದಲ್ಲಿರುವುದು ಮುಂದಕ್ಕೆ 500, ನೆಲದ ತಡೆ ಹಿಂದಕ್ಕೆ 300 ಅಂತ ಇಟ್ಟುಕೊಳ್ಳಿ. 200 ನ್ಯೂಟನ್ ಮುಂದಕ್ಕೆ ಉಳಿಯಿತು, ಗಾಡಿ ಹೊರಟಿತು. ಎತ್ತು ಮುಂದೆ ಹೋಗುವುದು ತನ್ನ ಗೊರಸಿನಿಂದ ನೆಲವನ್ನು ಹಿಂದಕ್ಕೆ ಒದ್ದಾಗ ನೆಲ ಅದನ್ನು ಮುಂದಕ್ಕೆ ತಳ್ಳುವುದರಿಂದ.