ಹೊಲಿಗೆಯ ಭಯ, ಗಂಟಲ ಕೆಮ್ಮು

"ಒಂದ್ಸಲ ಕೆಮ್ಮಿ ಅಮ್ಮಾ" ಅಂದೆ. ಅವರು ಗಂಟಲಲ್ಲೇ ಎರಡು ಸಲ ಖೊಕ್ ಎನಿಸಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನಾದರು. ಮೇಲುಹೊಟ್ಟೆಯ ಆಪರೇಷನ್ ಆಗಿ ಎರಡನೇ ದಿನ. ಆಮ್ಲಜನಕ 92ಕ್ಕೆ ಇಳಿದಿತ್ತು, ಉಸಿರು ನಿಮಿಷಕ್ಕೆ 24. ಬೆನ್ನಿನ ಕೆಳಭಾಗದಲ್ಲಿ ಸ್ಟೆತಾಸ್ಕೋಪ್ ಇಟ್ಟರೆ ಗಾಳಿಯ ಸದ್ದು ತೀರ ಕ್ಷೀಣ. ಡಾಕ್ಟರಿಗೆ ತಿಳಿಸಿದೆ; ಎಕ್ಸ್‌ರೇಯಲ್ಲೂ ಶ್ವಾಸಕೋಶದ ಬುಡ ಕುಗ್ಗಿರುವುದು ಕಂಡಿತು.

"ಜೋರಾಗಿ ಕೆಮ್ಮಿ ಹೊಲಿಗೆ ಬಿಚ್ಕೊಂಡ್ರೆ ಏನ್ ಗತಿ ಮೇಡಂ?" ಎಂದರು. ಎಲ್ಲ ತೊಂದರೆಯ ಬೇರು ಈ ಭಯವೇ. ನೋವಿಗೆ ಹೆದರಿ ಮೇಲುಮೇಲೆ ಉಸಿರಾಡುತ್ತಾರೆ, ಎದೆ-ಹೊಟ್ಟೆಯ ನಡುವಿನ ವಪೆ ಕೆಳಗಿಳಿಯುವುದಿಲ್ಲ, ಬುಡದ ಗಾಳಿಚೀಲಗಳು ಮುಚ್ಚಿಕೊಂಡು ಕಫ ಅಲ್ಲೇ ಕೂರುತ್ತದೆ. ಗಂಟಲ ಕೆಮ್ಮಿಗೆ ಅದು ಜಗ್ಗುವುದಿಲ್ಲ.

ನರ್ಸ್‌ಗೆ ಹೇಳಿ ಮೊದಲು ನೋವಿನ ಔಷಧ ಕೊಡಿಸಿದೆ. ಅರ್ಧ ಗಂಟೆ ಬಿಟ್ಟು ಬಂದು ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ಮೊಣಕಾಲು ಮಡಿಸಿದೆ. ಹಾಗೆ ಮಡಿಸಿದರೆ ಹೊಟ್ಟೆಯ ಬಿಗಿ ಸಡಿಲವಾಗುತ್ತದೆ. ಪಕ್ಕೆಲುಬಿನ ಕೆಳಗಡೆ ಎರಡೂ ಬದಿ ಕೈಯಿಟ್ಟು, "ನನ್ನ ಕೈ ದೂರ ಸರೀಬೇಕು, ಹಾಗೆ ಮೂಗಿನಿಂದ ನಿಧಾನವಾಗಿ ಉಸಿರು ತಗೊಳ್ಳಿ" ಅಂದೆ. ತುಂಬಿದ ಮೇಲೆ ಮೂರು ಎಣಿಸುವಷ್ಟು ಹೊತ್ತು ಹಿಡಿದು, ಬಾಯಿಂದ ಮೆಲ್ಲಗೆ ಬಿಡಬೇಕು. ಅವರು ಅವಸರಪಟ್ಟು ಐದನೇ ಉಸಿರಿಗೇ ತಲೆ ಸುತ್ತುತ್ತದೆ ಎಂದರು. ಹಾಗಾದಾಗ ಮಾಮೂಲಿ ಉಸಿರಾಟಕ್ಕೆ ಬಂದು ಸುಧಾರಿಸಿಕೊಂಡು ಮುಂದುವರಿಸಿದರಾಯಿತು. ಹತ್ತು ಉಸಿರು ಮುಗಿಸಿದರು.

ಆಮೇಲೆ ದಿಂಬು. ಅದನ್ನು ಗಾಯದ ಮೇಲಿಟ್ಟು, ಎರಡೂ ಕೈಯಿಂದ ಅಪ್ಪಿಕೊಂಡು ಒತ್ತಿ ಹಿಡಿಯಬೇಕು. ಸಡಿಲವಾಗಿ ಹಿಡಿದರೆ ಇದ್ದೂ ಇಲ್ಲದಂತೆ. ನೇರ ಕೆಮ್ಮಿಸುವ ಮೊದಲು 'ಹಫ್' ಕಲಿಸಿದೆ: ಬಾಯಿ ತೆರೆದು, ಕನ್ನಡಿಗೆ ಆವಿ ಹಿಡಿಸುವ ಹಾಗೆ 'ಹಾ' ಎಂದು ಬಲವಾಗಿ ಗಾಳಿ ದಬ್ಬುವುದು. ಮೂರನೇ ಹಫ್‌ಗೆ ಎದೆಯೊಳಗೆ ಗೊರಗೊರ ಸದ್ದು ಮೇಲೇರಿತು. ಕಫ ಸಡಿಲಾಗಿದೆ ಎಂಬುದಕ್ಕೆ ಅದೇ ಗುರುತು. "ಈಗ ದಿಂಬು ಒತ್ತಿ, ಹೊಟ್ಟೆಯಿಂದ ಕೆಮ್ಮಿ." ಮುಖ ಕಿವುಚಿಕೊಂಡೇ ಕೆಮ್ಮಿದರು, ಹಳದಿ ಕಫದ ಗಂಟು ಬಂತು. ಮೊದಲು ಅವರು ನೋಡಿದ್ದು ಕಫವನ್ನಲ್ಲ, ಹೊಲಿಗೆಯನ್ನು!

ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ ಹೀಗೇ ಮಾಡಿಸಿದೆವು, ಜೊತೆಗೆ ಎಬ್ಬಿಸಿ ನಡೆಸಿದೆವು. ಬರೀ ಉಸಿರಿನ ವ್ಯಾಯಾಮ ನಡಿಗೆಯ ಕೆಲಸ ಮಾಡುವುದಿಲ್ಲ. ಮಂಚದ ಪಕ್ಕ, ಉಸಿರೆಳೆದು ಚೆಂಡು ಮೇಲೇರಿಸುವ ಮೂರು ಚೆಂಡಿನ ಸ್ಪೈರೋಮೀಟರ್ ಇತ್ತು. ಮೂರನ್ನೂ ಟಪ್ಪನೆ ಹಾರಿಸುವುದರಲ್ಲೇ ಅವರಿಗೆ ಖುಷಿ. ಒಂದೇ ಚೆಂಡನ್ನು ಹೆಚ್ಚು ಹೊತ್ತು ಮೇಲೆ ನಿಲ್ಲಿಸಿದರೆ ಸಾಕು ಎಂದು ತಿದ್ದಿದೆ. ನಾಲ್ಕನೇ ದಿನಕ್ಕೆ ಆಮ್ಲಜನಕ 96.

ಇದನ್ನೆಲ್ಲ ನಾನು ಆಪರೇಷನ್‌ಗೆ ಮೊದಲೇ ಕಲಿಸಬೇಕಿತ್ತು. ನೋವು, ಮಂಪರಿನ ನಡುವೆ ಹೊಸ ಪಾಠ ಯಾರ ತಲೆಗೂ ಹತ್ತದು. ಈಗ ಹಿಂದಿನ ದಿನವೇ ದಿಂಬು ಕೊಟ್ಟು ಅಭ್ಯಾಸ ಮಾಡಿಸುತ್ತೇನೆ. ಆಗಲೇ ಇನ್ನೊಂದು ಮಾತನ್ನೂ ಹೇಳಿರುತ್ತೇನೆ: ಕೆಮ್ಮುವಾಗ ಗಾಯದಲ್ಲಿ ಏನೋ ಬಿಟ್ಟುಕೊಂಡಂತಾಗಿ ಪಟ್ಟಿ ದಿಢೀರನೆ ನಸುಗೆಂಪು ನೀರಿನಿಂದ ಒದ್ದೆಯಾದರೆ, ಕೆಮ್ಮು ನಿಲ್ಲಿಸಿ, ಮಲಗಿ, ತಕ್ಷಣ ನರ್ಸ್‌ನ ಕರೆಯಿರಿ.