ಐನೂರು ರೂಪಾಯಿ ಅಡ್ವಾನ್ಸ್ ತಗೊಂಡು ಕಲಿತದ್ದು: ನನ್ನ ಕೇಕ್ ರೇಟ್ ಪಟ್ಟಿ

ಕೊಡಗಿನ ಗೋಣಿಕೊಪ್ಪದ ಹತ್ತಿರ ತೋಟದ ಮನೆಯಲ್ಲೇ ಕೇಕ್ ಮಾಡಿ ಕೊಡುತ್ತೇನೆ. ಮೊದಲೆಲ್ಲ ಪಟ್ಟಿಗಿಟ್ಟಿ ಏನೂ ಇರಲಿಲ್ಲ. ಫೋನಿನಲ್ಲಿ ಕೇಳುತ್ತಿದ್ದರು, ಬಾಯಿಗೆ ಬಂದ ರೇಟ್ ಹೇಳುತ್ತಿದ್ದೆ, ಅಡ್ವಾನ್ಸ್ ಅಂತ ಐನೂರು ಹಾಕಿಸಿಕೊಳ್ಳುತ್ತಿದ್ದೆ. ಒಂದು ಕೆಜಿಗೂ ಐನೂರು, ಮೂರು ಕೆಜಿಗೂ ಐನೂರು.

ಒಂದು ಸಲ ಮೂರು ಕೆಜಿಯ ಎರಡು ಅಂತಸ್ತಿನ ಫಾಂಡಂಟ್ ಕೇಕ್ ಆರ್ಡರ್ ಬಂತು. ಕೆಜಿಗೆ 1,400ರಂತೆ 4,200 ರೂಪಾಯಿ. ಹಿಂದಿನ ದಿನ ಮಧ್ಯಾಹ್ನ ಫೋನ್ ಬಂತು. "ಅಕ್ಕಾ, ಅಜ್ಜಿ ಹೋಗ್ಬಿಟ್ರು, ಫಂಕ್ಷನ್ ಇಲ್ಲ" ಅಂದರು. ಸಾವಿನ ಮನೆಯವರ ಹತ್ತಿರ ದುಡ್ಡಿನ ಮಾತು ತೆಗೆಯೋಕಾಗುತ್ತಾ? ಸುಮ್ಮನೆ ಫೋನ್ ಇಟ್ಟೆ. ರಾತ್ರಿ ಕೂತು ಲೆಕ್ಕ ಹಾಕಿದರೆ ಮೈದಾ, ಬೆಣ್ಣೆ, ಕ್ರೀಮ್, ಫಾಂಡಂಟ್ ಎಲ್ಲ ಸೇರಿ 1,450, ಮೈಸೂರಿನಿಂದ ಬಸ್ಸಿನಲ್ಲಿ ತರಿಸಿದ ಹೆಸರಿನ ಟಾಪರ್ ಮತ್ತು ಫೋಟೊ ಶೀಟ್ 380, ಬೋರ್ಡು ಬಾಕ್ಸು 220, ಒಟ್ಟು 2,050. ಕೈಗೆ ಬಂದದ್ದು ಐನೂರು. ಉಳಿದ 1,550 ನನ್ನ ತಲೆಗೇ ಬಂತು, ಎರಡು ದಿನದ ಕೆಲಸ ಬೇರೆ. ಕೇಕನ್ನು ಕುಯ್ದು ತೋಟದ ಕೆಲಸದವರ ಲೈನ್ ಮನೆಯ ಮಕ್ಕಳಿಗೆ ಹಂಚಿದೆ. ಅವರಿಗೆ ಅವತ್ತು ಹಬ್ಬ.

ಆ ಲೆಕ್ಕದ ಚೀಟಿಯಿಂದಲೇ ನನ್ನ ಪಟ್ಟಿ ಶುರುವಾಯಿತು. 4,200ರಲ್ಲಿ 2,050 ಅಂದರೆ ಹೆಚ್ಚುಕಮ್ಮಿ ಅರ್ಧ. ಮಾಮೂಲಿ ಒಂದು ಕೆಜಿ ಚಾಕೊಲೇಟ್ ಟ್ರಫಲ್‌ಗೂ ಹೀಗೇ ಬರೆದು ನೋಡಿದೆ. ಸಾಮಾನು 390, ಬಾಕ್ಸು ಬೋರ್ಡು 60, ಒಟ್ಟು 450. ಮಾರುವುದು 900ಕ್ಕೆ. ಅಲ್ಲೂ ಅರ್ಧವೇ. ಅಂದರೆ ಕೇಕ್ ಮನೆ ಬಿಡುವ ಮೊದಲೇ ಬೆಲೆಯ ಅರ್ಧ ದುಡ್ಡು ನನ್ನ ಜೇಬಿನಿಂದ ಹೋಗಿರುತ್ತದೆ. ಹಾಗಾಗಿ ಅಡ್ವಾನ್ಸ್ ಶೇಕಡ 50 ಅಂತ ಬರೆದೆ. ಯಾಕೆ ಅಷ್ಟು ಅಂತ ಯಾರಾದರೂ ಕೇಳಿದರೆ ಈಗ ಹೇಳಲು ನನ್ನ ಹತ್ತಿರ ಕಾರಣ ಇದೆ. ನಿಮ್ಮ ಲೆಕ್ಕದಲ್ಲಿ ಅದು 40 ಬರಬಹುದು, 60 ಬರಬಹುದು. ಬೇರೆಯವರ ಪಟ್ಟಿ ನೋಡಿ ಕಾಪಿ ಹೊಡೆಯಬೇಡಿ.

ಬೆಲೆ ಬರೆಯುವಾಗ ಒಂದು ತಪ್ಪು ಸಿಕ್ಕಿತು. ಅರ್ಧ ಕೆಜಿಯನ್ನು ನಾನು 450ಕ್ಕೇ ಕೊಡುತ್ತಿದ್ದೆ. ಬಾಕ್ಸು, ಬೋರ್ಡು, ಓವನ್ನಿನ ಕರೆಂಟು ಅಷ್ಟೇ, ಸಮಯವೂ ಹೆಚ್ಚುಕಮ್ಮಿ ಅಷ್ಟೇ, ಮತ್ತೆ ಬೆಲೆ ಯಾಕೆ ಅರ್ಧ? ಈಗ ಅರ್ಧ ಕೆಜಿಗೆ 520. ತೂಕ ಅಂದರೆ ಕ್ರೀಮ್ ಸೇರಿ, ಬೋರ್ಡ್ ಬಿಟ್ಟು ಅಂತಲೂ ಒಂದು ಸಾಲು ಹಾಕಿದೆ, ಯಾಕಂದರೆ ಒಬ್ಬರು ಮನೆಗೆ ಹೋಗಿ ತಕ್ಕಡಿಯಲ್ಲಿಟ್ಟು ಫೋಟೊ ಕಳಿಸಿದ್ದರು!

ಕ್ಯಾನ್ಸಲ್ ಮಾಡುವ ನಿಯಮಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡೆ. ಮೊದಲು "ಅಡ್ವಾನ್ಸ್ ವಾಪಸ್ ಇಲ್ಲ" ಅಂತ ಒಂದೇ ಸಾಲು ಬರೆದಿದ್ದೆ. ವಕೀಲಿಕೆ ಮಾಡುವ ನಮ್ಮ ಭಾವ ನೋಡಿ ನಕ್ಕರು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಒಪ್ಪಂದ ಅಂತ ಒಂದು ಮಾತಿದೆ, ಆದ ನಷ್ಟಕ್ಕೆ ಹೊಂದದಷ್ಟು ದಂಡ ಹಾಕಿದರೆ ಅದು ಅದರೊಳಗೆ ಬರಬಹುದು ಅಂದರು. ಹದಿನೈದು ದಿನ ಮೊದಲೇ ಬೇಡ ಅಂದವರ ದುಡ್ಡನ್ನು ಯಾವ ನಷ್ಟಕ್ಕೆ ಅಂತ ಇಟ್ಟುಕೊಳ್ಳೋದು? ಸರಿಯಾದ ಮಾತೇ ಅಲ್ವಾ.

ಆಮೇಲೆ ಫಾಂಡಂಟ್ ಕೇಕಿನ ಕೆಲಸವನ್ನು ದಿನದ ಲೆಕ್ಕದಲ್ಲಿ ಬರೆದುಕೊಂಡೆ. ಏಳು ದಿನ ಮೊದಲು ಟಾಪರ್, ಫೋಟೊ ಶೀಟ್‌ಗೆ ಹೇಳುತ್ತೇನೆ. ಐದು ದಿನ ಮೊದಲು ಗೊಂಬೆ, ಹೂವು ಮಾಡಿ ಒಣಗಲು ಇಡುತ್ತೇನೆ. ನಮ್ಮ ಜುಲೈ ಮಳೆಯಲ್ಲಿ ಅವು ಒಣಗುವುದೇ ಇಲ್ಲ, ಮುಟ್ಟಿದರೆ ಅಂಟುತ್ತವೆ, ಆಗ ಇನ್ನೂ ಎರಡು ದಿನ ಮೊದಲೇ ಶುರು ಮಾಡಬೇಕು. ಎರಡು ದಿನ ಮೊದಲು ಸ್ಪಂಜ್ ಬೇಯಿಸುತ್ತೇನೆ, ಹಿಂದಿನ ದಿನ ಕ್ರೀಮ್ ಮತ್ತು ಹೊದಿಕೆ. ದುಡ್ಡು ಕೈಬಿಡುವ ದಿನಗಳು ಇವೇ. ಅದಕ್ಕೆ ನಿಯಮವನ್ನೂ ಇದರ ಮೇಲೇ ಕೂರಿಸಿದೆ. ಏಳು ದಿನಕ್ಕಿಂತ ಮೊದಲು ಹೇಳಿದರೆ ಪೂರ್ತಿ ವಾಪಸ್. ಏಳರಿಂದ ಮೂರು ದಿನದೊಳಗೆ ಅಡ್ವಾನ್ಸಿನ ಅರ್ಧ ವಾಪಸ್. ಮೂರು ದಿನಕ್ಕಿಂತ ಕಡಿಮೆ ಇದ್ದರೆ ವಾಪಸ್ ಇಲ್ಲ. ಮಾಮೂಲಿ ಕ್ರೀಮ್ ಕೇಕಿಗೆ ಇಷ್ಟೆಲ್ಲ ಬೇಡ, ಎರಡು ದಿನ ಮೊದಲು ಹೇಳಿದರೆ ಪೂರ್ತಿ ಕೊಡುತ್ತೇನೆ.

ಒಂದು ಮೇ ತಿಂಗಳ ಮದುವೆಯಲ್ಲಿ ಇದಕ್ಕೆ ಪರೀಕ್ಷೆ ಬಂತು. ನಾಲ್ಕು ಕೆಜಿ, 5,600 ರೂಪಾಯಿ, ಅಡ್ವಾನ್ಸ್ 2,800. ಐದು ದಿನ ಇರುವಾಗ ಬೇಡ ಅಂದರು. ನನಗೆ ಆಗಲೇ ಟಾಪರ್, ಶೀಟು, ಬಣ್ಣ, ಬೋರ್ಡು ಎಲ್ಲ ಸೇರಿ 1,120 ಖರ್ಚಾಗಿತ್ತು. 1,400 ವಾಪಸ್ ಹಾಕಿದೆ. ನನ್ನಲ್ಲಿ ಉಳಿದ 1,400ರಲ್ಲಿ ಖರ್ಚು ಕಳೆದು 280 ಮಿಕ್ಕಿತು, ಅದು ಅರ್ಧ ಮಾಡಿಟ್ಟ ಹೂವಿನ ಕೂಲಿ ಅಂದುಕೊಂಡೆ. ಅವರೂ ಒಂದು ಮಾತಾಡಲಿಲ್ಲ, ಯಾಕಂದರೆ ಕಾಗದ ಅವರ ಕೈಯಲ್ಲೇ ಇತ್ತು.

ನಾನೇ ಕ್ಯಾನ್ಸಲ್ ಮಾಡಿದರೆ ಪೂರ್ತಿ ಅಡ್ವಾನ್ಸ್ ಅದೇ ದಿನ ವಾಪಸ್, ಇದನ್ನೂ ಅದೇ ಸೈಜಿನ ಅಕ್ಷರದಲ್ಲಿ ಬರೆದಿದ್ದೇನೆ. ಮಳೆಗಾಲದಲ್ಲಿ ಇದು ಬೇಕೇ ಬೇಕು. ಮರ ಬಿದ್ದು ಎರಡು ದಿನ ಕರೆಂಟಿಲ್ಲ ಅಂದರೆ ನನ್ನ ಓವನ್ ಉರಿಯುವುದಿಲ್ಲ, ಮನೆಯ ಇನ್ವರ್ಟರ್ ಅದನ್ನು ಎಳೆಯುವುದಿಲ್ಲ. ರಸ್ತೆ ಬಂದ್ ಆಗಿ ಅವರಿಗೆ ಬರಲಾಗದಿದ್ದರೆ ತಾರೀಕು ಬದಲಿಸಿಕೊಳ್ಳಬಹುದು, ಏನೂ ಕಡಿತ ಇಲ್ಲ ಅಂತ ಹಾಕಿದ್ದೇನೆ. ಬೇಯಿಸಿ ಆಗಿದ್ದರೆ ಆ ನಷ್ಟ ನನ್ನದೇ. ಸಾವಿನ ವಿಷಯ ಮಾತ್ರ ಪಟ್ಟಿಯಲ್ಲಿ ಬರೆಯಲಿಲ್ಲ, ಬರೆಯಲು ಮನಸ್ಸು ಬರಲಿಲ್ಲ. ಅಂಥದ್ದಾದರೆ ಅಡ್ವಾನ್ಸನ್ನು ಮುಂದಿನ ಆರ್ಡರಿಗೆ ಹಿಡಿದುಕೊಳ್ಳುತ್ತೇನೆ.

ಪ್ರಿಂಟ್ ವಿಷಯ. ಎ4 ಹಾಳೆ, ಮುಂದೆ ಬೆಲೆ, ಹಿಂದೆ ನಿಯಮ. ಮೊದಲ ಸಲ ವರ್ಡ್ ಫೈಲನ್ನು ಪೆನ್‌ಡ್ರೈವಿನಲ್ಲಿ ಝೆರಾಕ್ಸ್ ಅಂಗಡಿಗೆ ಕೊಂಡು ಹೋದೆ. ಅಲ್ಲಿನ ಕಂಪ್ಯೂಟರಿನಲ್ಲಿ ನನ್ನ ಫಾಂಟ್ ಇರಲಿಲ್ಲ, ಒತ್ತಕ್ಷರಗಳೆಲ್ಲ ಕಿತ್ತುಹೋಗಿ ಸಾಲುಗಳು ಎರಡನೇ ಪುಟಕ್ಕೆ ಜಾರಿದ್ದವು. ಮನೆಯಲ್ಲೇ ಪಿಡಿಎಫ್ ಮಾಡಿ ಕೊಂಡು ಹೋದರೆ ಈ ತಾಪತ್ರಯ ಇಲ್ಲ. ವಾಟ್ಸಾಪಿಗೂ ಅದೇ ಫೈಲ್ ಕಳಿಸಬಹುದು. ಅಕ್ಷರದ ಸೈಜ್ 12ಕ್ಕಿಂತ ಕಡಿಮೆ ಮಾಡಬೇಡಿ, ನಿಯಮ ಓದಲಾಗದಿದ್ದರೆ ಬರೆದೂ ಪ್ರಯೋಜನ ಇಲ್ಲ. ಆಹಾರ ಸುರಕ್ಷತಾ ಇಲಾಖೆಯ ನೋಂದಣಿಯ 14 ಅಂಕಿಯ ನಂಬರ್ ಮೇಲ್ಗಡೆ ಹಾಕಿದ್ದೇನೆ. ಮೂಲೆಯಲ್ಲಿ "ಈ ಬೆಲೆ ಇಂಥ ತಾರೀಕಿನವರೆಗೆ" ಅಂತ ಇದೆ. 2024ರಲ್ಲಿ ಕೋಕೋ ಬೆಲೆ ಏರಿದಾಗ ಹಳೆ ಪಟ್ಟಿ ಹಿಡಿದು ಬಂದವರಿಗೆ ಹಳೆ ಬೆಲೆಗೇ ಕೊಡಬೇಕಾಯಿತು. ಈಗ ಅಡ್ವಾನ್ಸ್ ಕೊಟ್ಟವರಿಗೆ ಮಾತ್ರ ಹಳೆ ಬೆಲೆ. ಇದೇ ಕಾರಣಕ್ಕೆ ಲ್ಯಾಮಿನೇಷನ್ ಮಾಡಿಸುವುದಿಲ್ಲ, ಒಂದು ಸಲಕ್ಕೆ ಇಪ್ಪತ್ತು ಪ್ರತಿ ಸಾಕು.

ಹಾಳೆಯ ಕೊನೆಯಲ್ಲಿ ಹರಿದುಕೊಳ್ಳುವ ಚೀಟಿ ಇದೆ. ತೂಕ, ರುಚಿ, ಮೊಟ್ಟೆ ಬೇಕೋ ಬೇಡವೋ, ತಾರೀಕು, ಗಂಟೆ, ಒಟ್ಟು, ಅಡ್ವಾನ್ಸ್, ಬಾಕಿ, ಸಹಿ. ಅದನ್ನು ನಾನು ಇಟ್ಟುಕೊಳ್ಳುತ್ತೇನೆ, ಪಟ್ಟಿ ಅವರಿಗೆ. ಫೋನಿನಲ್ಲೇ ಆರ್ಡರ್ ಮಾಡುವವರು ಪಿಡಿಎಫ್ ನೋಡಿ "ಒಪ್ಪಿದೆ" ಅಂತ ಮೆಸೇಜ್ ಹಾಕಿದ ಮೇಲೆಯೇ ಅಡ್ವಾನ್ಸ್ ತಗೊಳ್ಳುತ್ತೇನೆ. ಚೀಟಿಯಲ್ಲಿ ಕೇಕ್ ಮೇಲೆ ಬರೆಯುವ ಹೆಸರಿನ ಜಾಗವನ್ನು ಮಾತ್ರ ಅವರ ಕೈಯಲ್ಲೇ ಬರೆಸುತ್ತೇನೆ. ನಮ್ಮ ಕಡೆಯ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಎನ್ ಹಾಕಬೇಕೋ ಎರಡೋ ಅನ್ನುವುದು ಆ ಮನೆಯವರಿಗೆ ಮಾತ್ರ ಗೊತ್ತು.